ಹ್ಯಾಂಡಲ್ ಲಾಕ್ ಒಂದೇ ಸಾಲದು

ಬೈಕ್ ಕದಿಯುವವರಿಗೆ ಅದರ ಎಂಜಿನ್ ಸ್ಟಾರ್ಟ್ ಮಾಡುವ ಅಗತ್ಯವೇ ಇರುವುದಿಲ್ಲ. ಹ್ಯಾಂಡಲ್ ಲಾಕ್ ಮುರಿದರೆ ಸಾಕು, ಒಬ್ಬ ಗಾಡಿಯ ಮೇಲೆ ಕೂರುತ್ತಾನೆ. ಇನ್ನೊಬ್ಬ ತನ್ನ ಬೈಕಿನಲ್ಲಿ ಪಕ್ಕಕ್ಕೆ ಬಂದು, ಕದ್ದ ಗಾಡಿಯ ಫುಟ್‌ರೆಸ್ಟಿಗೆ ಕಾಲು ಕೊಟ್ಟು ತಳ್ಳುತ್ತ ಹೋಗುತ್ತಾನೆ. ಪೆಟ್ರೋಲ್ ಮುಗಿದ ಗಾಡಿಯನ್ನು ಬಂಕ್‌ವರೆಗೆ ಸಾಗಿಸುವುದೂ ಹೀಗೆಯೇ ಆದ್ದರಿಂದ ನೋಡಿದವರಿಗೆ ಅನುಮಾನ ಬರುವುದಿಲ್ಲ. ವೈರ್ ಕಿತ್ತು ಜೋಡಿಸಿ ಎಂಜಿನ್ ಎಬ್ಬಿಸುವ ಕೆಲಸ ಬೇರೆಲ್ಲೋ ನಿಧಾನವಾಗಿ ನಡೆಯುತ್ತದೆ. ಹಾಗಾಗಿ ಬೈಕಿನ ರಕ್ಷಣೆ ಎಂದರೆ ಮೊದಲಿಗೆ ಚಕ್ರ ಉರುಳದಂತೆ ನೋಡಿಕೊಳ್ಳುವುದು. ಎಂಜಿನ್ ಸ್ಟಾರ್ಟ್ ಆಗದಂತೆ ಮಾಡುವ ಗುಪ್ತ ಸ್ವಿಚ್ಚುಗಳು ಉಪಯುಕ್ತವೇ ಆದರೂ ಈ ತಳ್ಳಾಟವನ್ನು ಅವು ತಡೆಯಲಾರವು.

ಹ್ಯಾಂಡಲ್ ಲಾಕ್ ಅಷ್ಟು ಸುಲಭವಾಗಿ ಸೋಲುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕೀ ಒತ್ತಿ ತಿರುವಿದಾಗ, ಒಳಗಿನಿಂದ ಒಂದು ಸಣ್ಣ ಉಕ್ಕಿನ ಪಿನ್ ಹೊರಬಂದು ಎದುರಿನ ರಂಧ್ರದಲ್ಲಿ ಕೂರುತ್ತದೆ. ಇಡೀ ತಡೆ ಆ ಪಿನ್ನಿನದು. ಹ್ಯಾಂಡಲ್ ಮಾತ್ರ ಉದ್ದನೆಯ ಸನ್ನೆ. ಅದರ ಹಿಡಿ ನಡುವಿನ ಕಂಬದಿಂದ 35 ಸೆಂಟಿಮೀಟರ್, ಪಿನ್ 5 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ, ಹಿಡಿಯ ಮೇಲೆ ಬಿದ್ದ ಬಲ ಪಿನ್ನಿನ ಹತ್ತಿರ ಏಳು ಪಟ್ಟಾಗುತ್ತದೆ. ಕಾಲಿನಿಂದ 40 ಕೆಜಿಯಷ್ಟು ಒತ್ತಿದರೆ ಪಿನ್ ಮೇಲೆ ಬೀಳುವುದು 280 ಕೆಜಿಯಷ್ಟು ಭಾರ; ಝಾಡಿಸಿ ಒದ್ದರೆ ಇನ್ನೂ ಹೆಚ್ಚು. ಒಂದು ‘ಟಕ್’ ಸದ್ದಿನೊಂದಿಗೆ ಪಿನ್ ಬಾಗುತ್ತದೆ, ಇಲ್ಲವೇ ಅದು ಕೂರುವ ಲೋಹದ ಅಂಚು ಮುರಿಯುತ್ತದೆ.

ಹಾಗೆಂದು ಅದನ್ನು ಹಾಕದೆ ಬಿಡುವುದು ತಪ್ಪು, ಏಕೆಂದರೆ ಅದೂ ಇಲ್ಲದ ಗಾಡಿಯನ್ನು ಸದ್ದೇ ಇಲ್ಲದೆ ತಳ್ಳಿಕೊಂಡು ಹೋಗಬಹುದು. ಕೀ ತಿರುಗಿದರೂ ಪಿನ್ ರಂಧ್ರಕ್ಕೆ ಇಳಿಯದೆ ಉಳಿಯುವುದುಂಟು; ಲಾಕ್ ಮಾಡಿದ ಮೇಲೆ ಹ್ಯಾಂಡಲನ್ನು ಒಮ್ಮೆ ಅಲ್ಲಾಡಿಸಿ ನೋಡುವುದು ಅದಕ್ಕಾಗಿಯೇ. ಎಡಕ್ಕೆ ತಿರುಗಿಸಿ ಲಾಕ್ ಮಾಡಿದ್ದ ಹ್ಯಾಂಡಲ್ ವಾಪಸ್ ಬಂದಾಗ ನೆಟ್ಟಗಿದ್ದರೆ, ಅಥವಾ ಹೆಡ್‌ಲೈಟಿನ ಹಿಂದಿನ ವೈರುಗಳು ಎಳೆದಂತೆ ಜೋತುಬಿದ್ದಿದ್ದರೆ, ಯಾರೋ ಅರ್ಧ ಕೆಲಸ ಮುಗಿಸಿದ್ದಾರೆ ಎಂದರ್ಥ. ಲಾಕ್ ಮುರಿದು ಹೋಗಿ, ಯಾರೂ ಗಮನಿಸಲಿಲ್ಲ ಎಂದು ಖಾತ್ರಿಯಾದ ಮೇಲೆ ಮರಳಿ ಬರುವವರಿದ್ದಾರೆ. ಅಂಥ ಗಾಡಿಯನ್ನು ಒಂದು ರಾತ್ರಿಯೂ ಅಲ್ಲೇ ಬಿಡಬಾರದು.

ಚಕ್ರವನ್ನೇ ಕಟ್ಟಿಹಾಕುವುದು ಡಿಸ್ಕ್ ಲಾಕ್. ಬ್ರೇಕ್ ಡಿಸ್ಕಿನ ರಂಧ್ರದೊಳಗೆ ದಪ್ಪ ಪಿನ್ ತೂರಿಸಿ ಬೀಗ ಹಾಕಿದರೆ, ಚಕ್ರ ತಿರುಗಿದಾಗ ಅದು ಕ್ಯಾಲಿಪರ್‌ಗೋ ಫೋರ್ಕಿಗೋ ಬಡಿದು ನಿಲ್ಲುತ್ತದೆ. ಪಿನ್ನಿನ ದಪ್ಪ ಒಂದೊಂದು ಲಾಕಿಗೆ ಒಂದೊಂದು ಥರ, ಡಿಸ್ಕಿನ ರಂಧ್ರಗಳೂ ಹಾಗೆಯೇ. ಅಂಗಡಿಯಲ್ಲೇ ಗಾಡಿಗೆ ಹಾಕಿ ನೋಡಿ ಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಕೈಗೆ ಸಿಕ್ಕ ಯಾವುದೋ ರಂಧ್ರಕ್ಕೆ ಅದನ್ನು ಹಾಕಿಬಿಡುತ್ತಾರೆ. ಆಗ ಚಕ್ರ ಅರ್ಧ ಸುತ್ತು ಉರುಳಿ, ವೇಗ ಪಡೆದು, ಆಮೇಲೆ ಬಡಿಯುತ್ತದೆ. ಹಿಂದೆ ಮುಂದೆ ಜೋರಾಗಿ ಬಡಿದು ಲಾಕ್ ಸಡಿಲಿಸಲು ಕಳ್ಳನಿಗೆ ಇದರಿಂದ ಅನುಕೂಲ. ಮರೆತು ಗಾಡಿ ಓಡಿಸಿದ ಮಾಲೀಕನಿಗೂ ಅಪಾಯ: ಚಕ್ರ ತಕ್ಷಣ ಕಚ್ಚಿಕೊಂಡು ಗಾಡಿ ಬೀಳುತ್ತದೆ, ಡಿಸ್ಕ್ ಸೊಟ್ಟಗಾಗುತ್ತದೆ, ಮಡ್‌ಗಾರ್ಡ್ ಸೀಳುತ್ತದೆ. ಮುಂದಕ್ಕೆ ತಳ್ಳಿದೊಡನೆ ತಾಗುವ ಹಾಗೆ ಕ್ಯಾಲಿಪರ್‌ಗೆ ಒತ್ತಿಕೊಂಡೇ ಲಾಕ್ ಹಾಕಿದರೆ ಗಾಡಿ ಮೊದಲ ಇಂಚಿನಲ್ಲೇ ನಿಲ್ಲುತ್ತದೆ, ಎರಡೂ ತೊಂದರೆ ಕಡಿಮೆಯಾಗುತ್ತವೆ. ಲಾಕಿನಿಂದ ಹ್ಯಾಂಡಲ್‌ವರೆಗೆ ಎಳೆದು ಸಿಕ್ಕಿಸುವ ಬಣ್ಣದ ಸುರುಳಿ ಕೇಬಲ್ ಇರುವುದು ಈ ಮರೆವಿಗಾಗಿಯೇ. ಅಲಾರಂ ಇರುವ ಡಿಸ್ಕ್ ಲಾಕ್ ಇನ್ನೂ ಮೇಲು. ಗಾಡಿ ಅಲುಗಿದರೆ ಕಿವಿಗಡಚಿಕ್ಕುವಂತೆ ಕೂಗುತ್ತದೆ. ಅದರ ಪುಟ್ಟ ಬ್ಯಾಟರಿಗಳು ಸತ್ತಿವೆಯೇ ಎಂದು ಆಗಾಗ ನೋಡುತ್ತಿರಬೇಕು.

ಮುಂದೆಯೂ ಹಿಂದೆಯೂ ಡ್ರಮ್ ಬ್ರೇಕ್ ಇರುವ 100 ಸಿಸಿ ಗಾಡಿಗಳಿಗೆ ಡಿಸ್ಕ್ ಲಾಕ್ ಆಗುವುದಿಲ್ಲ. ಅಲ್ಲಿ ಚೈನ್ ಲಾಕೇ ಗತಿ. ಚೈನನ್ನು ಹಿಂದಿನ ಚಕ್ರದ ಮೂಲಕ ಹಾಯಿಸಿ ಚಾಸಿಗೋ, ಸಾಧ್ಯವಿದ್ದರೆ ಕಬ್ಬಿಣದ ಗೇಟಿಗೋ ಬಿಗಿದು, ನೆಲಕ್ಕೆ ತಾಗದಂತೆ ಮೇಲೆ ನಿಲ್ಲಿಸಬೇಕು. ನೆಲದ ಮೇಲೆ ಬಿದ್ದ ಚೈನಿಗೆ ಸುತ್ತಿಗೆ ಏಟು ಪೂರ್ತಿ ಬೀಳುತ್ತದೆ, ತೂಗುವ ಚೈನಿಗೆ ಬೀಳುವುದಿಲ್ಲ.

ಇಷ್ಟಾದರೂ ಸುಮಾರು 140 ಕೆಜಿಯ ಗಾಡಿಯನ್ನು ಮೂವರು ಸೇರಿ ಟೆಂಪೋಗೆ ಎತ್ತಿಹಾಕಬಹುದು. ಜಿಪಿಎಸ್ ಟ್ರ್ಯಾಕರ್ ಬೇಕಾಗುವುದು ಅಲ್ಲಿಂದಾಚೆಗೆ. ಅದು ಕಳವು ತಡೆಯುವುದಿಲ್ಲ, ಗಾಡಿ ಎಲ್ಲಿದೆ ಎಂದು ಹೇಳುತ್ತದೆ. ಬ್ಯಾಟರಿಗೆ ಜೋಡಿಸುವ ಟ್ರ್ಯಾಕರಿನಲ್ಲಿ ಒಂದು ಸಿಮ್ ಇರುತ್ತದೆ, ವೈರ್ ಕತ್ತರಿಸಿದರೂ ಕೆಲವು ಗಂಟೆ ನಡೆಸುವ ಸಣ್ಣ ಬ್ಯಾಟರಿಯೂ ಇರುತ್ತದೆ. ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲೇ ಇಟ್ಟರೆ ಕಳ್ಳ ಮೊದಲು ಹುಡುಕುವುದೂ ಅಲ್ಲೇ. ವೈರನ್ನು ಗಾಡಿಯ ವೈರಿಂಗ್ ಜೊತೆಗೇ ಸುತ್ತಿ, ಟ್ಯಾಂಕಿನ ಮುಂಭಾಗದ ಬದಿಗೋ ಹೆಡ್‌ಲೈಟಿನ ಪ್ಲಾಸ್ಟಿಕ್ ಕವರಿನ ಒಳಗೋ ಕೂರಿಸಿದರೆ ಸುಲಭವಾಗಿ ಸಿಗದು. ಅದರ ಮೇಲೆ ಲೋಹ ಮುಚ್ಚಿದರೆ ಸಿಗ್ನಲ್ ಕುಂದುತ್ತದೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಮುಂದೆ ರಸ್ತೆಯಲ್ಲೇ ನಿಲ್ಲುವ 150 ಸಿಸಿ ಬೈಕೊಂದನ್ನು ತೆಗೆದುಕೊಳ್ಳಬಹುದು. ಟ್ರ್ಯಾಕರ್ ಸರಾಸರಿ 10 ಮಿಲಿಆಂಪಿಯರ್ ಎಳೆಯುತ್ತದೆ ಎಂದಾದರೆ ದಿನಕ್ಕೆ 0.24 ಆಂಪಿಯರ್-ಅವರ್ ಖರ್ಚು. 5 ಆಂಪಿಯರ್-ಅವರ್ ಬ್ಯಾಟರಿ ಹತ್ತು ದಿನದಲ್ಲಿ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಮಾಲೀಕ ಹಬ್ಬಕ್ಕೆಂದು ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದರೆ ಬ್ಯಾಟರಿ ಖಾಲಿ, ಟ್ರ್ಯಾಕರೂ ಮೂಕ. ದೀರ್ಘ ರಜೆಗೆ ಹೊರಟಾಗ ಗಾಡಿಯನ್ನು ಬೇರೆಯವರ ಕಾಂಪೌಂಡಿನೊಳಗೆ ಬಿಟ್ಟು ಹೋಗುವುದೇ ಸರಿ. ಗಾಡಿ ಕದಲಿದರೆ ಎಚ್ಚರಿಸುವ ಗಡಿಯನ್ನು ಆ್ಯಪಿನಲ್ಲಿ 20 ಮೀಟರ್‌ಗೆ ಇಟ್ಟರೆ, ಎತ್ತರದ ಕಟ್ಟಡಗಳ ನಡುವೆ ನಿಂತ ಗಾಡಿಯೇ ಓಡಾಡುತ್ತಿರುವಂತೆ ತೋರಿ ಸುಳ್ಳು ಸೂಚನೆಗಳು ಬರುತ್ತವೆ. ಬೇಸತ್ತ ಮಾಲೀಕ ಅದನ್ನು ಆಫ್ ಮಾಡುತ್ತಾನೆ. 100 ಮೀಟರ್ ಇಟ್ಟರೆ ನಿದ್ದೆಯೂ ಉಳಿಯುತ್ತದೆ, ಸೂಚನೆಗೂ ಬೆಲೆ ಇರುತ್ತದೆ. ಆ ಸೂಚನೆ ರಾತ್ರಿ ಸೈಲೆಂಟ್ ಮೋಡಿನಲ್ಲೂ ಸದ್ದು ಮಾಡುವಂತೆ ಫೋನಿನಲ್ಲಿ ಹೊಂದಿಸಿರಬೇಕು. ಇನ್ನು ಸಿಮ್‌ನ ರೀಚಾರ್ಜ್ ಅವಧಿ ಮುಗಿದರೆ ಈ ಏರ್ಪಾಡೆಲ್ಲ ವ್ಯರ್ಥ.

ಬ್ಲೂಟೂತ್ ಟ್ಯಾಗುಗಳು ಅಗ್ಗ, ಸಿಮ್ ಬೇಡ. ಆದರೆ ಅವು ಅಕ್ಕಪಕ್ಕ ಹಾದುಹೋಗುವ ಫೋನುಗಳ ಮೂಲಕವೇ ಜಾಗ ತಿಳಿಸಬೇಕು. ಗುಟ್ಟಾಗಿ ಯಾರನ್ನೂ ಹಿಂಬಾಲಿಸಬಾರದೆಂಬ ಕಾರಣಕ್ಕೆ, ಅಪರಿಚಿತ ಟ್ಯಾಗ್ ಜೊತೆಗೆ ಬರುತ್ತಿದೆ ಎಂದು ಕಳ್ಳನ ಫೋನಿಗೇ ಸಂದೇಶ ಹೋಗುವ ಸಾಧ್ಯತೆಯೂ ಇದೆ.

ಅದೇ ಬೈಕನ್ನು ನಿಲ್ಲಿಸುವ ರೀತಿಯಲ್ಲೂ ಲಾಭ ಪಡೆಯಬಹುದು. ಸಾಲಿನ ಕೊನೆಯ ಗಾಡಿಯನ್ನು ಎಳೆಯುವುದು ಸುಲಭ. ಮುಂದಿನ ಚಕ್ರ ಗೋಡೆಗೆ ತಾಗಿ, ಎರಡೂ ಬದಿ ಬೇರೆ ಗಾಡಿಗಳಿದ್ದರೆ ಅದನ್ನು ಹಿಂದಕ್ಕೆಳೆದು ತಿರುಗಿಸಬೇಕಾಗುತ್ತದೆ. ಬೀದಿದೀಪದ ಬೆಳಕು, ಎದುರು ಅಂಗಡಿಯ ಕ್ಯಾಮೆರಾ ಬೀಳುವ ಜಾಗಕ್ಕೆ ಹತ್ತು ಹೆಜ್ಜೆ ಹೆಚ್ಚು ನಡೆದರೂ ನಷ್ಟವಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸುರಕ್ಷಿತ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅಲ್ಲಿ ಜಿಪಿಎಸ್ ಸಿಗ್ನಲ್ ಸಿಗುವುದಿಲ್ಲ, ಒಳಗೆ ಬಂದವರನ್ನು ಯಾರೂ ವಿಚಾರಿಸುವುದೂ ಇಲ್ಲ. ಡಿಸ್ಕ್ ಲಾಕ್ ಅಲ್ಲಿಯೂ ಬೇಕು.

ಗಾಡಿ ಕಳವಾದದ್ದು ತಿಳಿದ ಕೂಡಲೇ 112ಕ್ಕೆ ಕರೆ ಮಾಡಿ ಟ್ರ್ಯಾಕರಿನ ಲೊಕೇಶನ್ ಪೊಲೀಸರಿಗೆ ಕೊಡಬೇಕು. ಒಬ್ಬರೇ ಹಿಂಬಾಲಿಸಿ ಹೋಗುವುದು ಪ್ರಾಣಕ್ಕೆ ಕುತ್ತು. ದೂರು ಕೊಡುವಾಗ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಬೇಕಾಗುತ್ತವೆ, ಆದ್ದರಿಂದ ಆರ್‌ಸಿಯ ಫೋಟೊ ಫೋನಿನಲ್ಲಿರಲಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳುವಿಗೆ ಹಣ ಬರುವುದಿಲ್ಲ. ಪೂರ್ಣ ವಿಮೆ ಇದ್ದವರಿಗೂ ಕಂಪನಿ ಸಾಮಾನ್ಯವಾಗಿ ಎಫ್‌ಐಆರ್ ಪ್ರತಿಯನ್ನೂ ಗಾಡಿಯ ಎರಡೂ ಕೀಗಳನ್ನೂ ಕೇಳುತ್ತದೆ. ಎರಡನೆಯ ಕೀಯನ್ನು ಸೀಟಿನ ಕೆಳಗಿನ ಟೂಲ್ ಕಿಟ್‌ನಲ್ಲಿ ಬಚ್ಚಿಟ್ಟವರು ಗಾಡಿಯ ಜೊತೆಗೆ ಅದನ್ನೂ ಕಳೆದುಕೊಂಡಿರುತ್ತಾರೆ.