ಲಾರಿ ಬದಲಾಯ್ತು, ಇ-ವೇ ಬಿಲ್ ಬದಲಾಗಲಿಲ್ಲ: ಟ್ರಾನ್ಸ್‌ಪೋರ್ಟ್‌ನವರು ಮಾಡೋ ಎರಡು ತಪ್ಪು

ಪುಣೆಯಿಂದ ಬೆಂಗಳೂರಿಗೆ ಮನೆ ಬದಲಾಯಿಸುವಾಗ ನೀವು ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಆದರೆ ಮಾರಾಟದ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗ್ತಿದ್ದು, ಬೆಲೆ ತೆರಿಗೆ ಸೇರಿ 50,000 ರೂಪಾಯಿ ದಾಟಿದ್ರೆ ಬೇಕೇ ಬೇಕು. ಕೆಲಸದ ಜೊತೆಗೆ ಮನೆಯವರ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳೋರು ಇದನ್ನ ತಿಳ್ಕೊಂಡಿರಬೇಕು.

ಈ ಬಿಲ್‌ನಲ್ಲಿ ಎರಡು ಭಾಗ. ಪಾರ್ಟ್-ಎ ನಲ್ಲಿ ಇನ್‌ವಾಯ್ಸ್ ನಂಬರ್, ಸರಕು, ಬೆಲೆ ಇರುತ್ತೆ. ಪಾರ್ಟ್-ಬಿ ನಲ್ಲಿ ಲಾರಿ ನಂಬರ್. ಎಡವಟ್ಟು ಹೆಚ್ಚಾಗಿ ಆಗೋದು ಈ ಪಾರ್ಟ್-ಬಿ ನಲ್ಲಿ.

ಒಂದು ಉದಾಹರಣೆ ನೋಡೋಣ. ಪುಣೆಯಿಂದ ಬೆಂಗಳೂರಿಗೆ 2,00,000 ರೂಪಾಯಿಯ ಯಂತ್ರದ ಬಿಡಿಭಾಗ ಹೊರಟಿದೆ. ಶೇ. 18ರ ಲೆಕ್ಕದಲ್ಲಿ ತೆರಿಗೆ 36,000. ದೂರ 840 ಕಿ.ಮೀ. ಅಂತಿಟ್ಕೊಳ್ಳಿ. 200 ಕಿ.ಮೀ.ಗೆ ಒಂದು ದಿನ, ಉಳಿದ ಚೂರಿಗೂ ಒಂದು ದಿನ, ಒಟ್ಟು ಐದು ದಿನ. ಸೋಮವಾರ ಮಧ್ಯಾಹ್ನ ಪಾರ್ಟ್-ಬಿ ತುಂಬಿದ್ರೆ ಮೊದಲ ದಿನ ಮುಗಿಯೋದು ಮಂಗಳವಾರ ಮಧ್ಯರಾತ್ರಿ. ಹಾಗಾಗಿ ಶನಿವಾರ ಮಧ್ಯರಾತ್ರಿವರೆಗೆ ಬಿಲ್ ಊರ್ಜಿತ.

ಹುಬ್ಬಳ್ಳಿ ಹತ್ತಿರ ಲಾರಿ ಕೆಟ್ಟಿತು. ಟ್ರಾನ್ಸ್‌ಪೋರ್ಟ್‌ನವರು ಸರಕನ್ನ ಬೇರೆ ಲಾರಿಗೆ ಹಾಕಿ ಕಳಿಸಿಬಿಟ್ರು. "ಬಿಲ್ ಇದೆಯಲ್ಲ ಸಾರ್" ಅಂತ ಡ್ರೈವರ್ ಹಳೇ ಪ್ರಿಂಟ್ ತೋರಿಸ್ತಾನೆ. ಆದರೆ ಅಧಿಕಾರಿಯ ಎದುರಿಗಿರೋ ಲಾರಿಯ ನಂಬರ್ ಬಿಲ್‌ನಲ್ಲೇ ಇಲ್ಲ. ಗಾಡಿ, ಸರಕು ಎರಡನ್ನೂ ತಡೆಹಿಡಿಯಬಹುದು. ಮಾಲೀಕರು ಮುಂದೆ ಬಂದು ಬಿಡಿಸಿಕೊಂಡರೂ ದಂಡ ತೆರಿಗೆಯ ಎರಡರಷ್ಟು, ಅಂದ್ರೆ 72,000.

ಇದನ್ನ ತಪ್ಪಿಸೋದು ಕಷ್ಟ ಅಲ್ಲ. ಎರಡನೇ ಲಾರಿ ಹೊರಡೋ ಮುಂಚೆ ಪೋರ್ಟಲ್‌ನಲ್ಲಿ ಅದೇ ಬಿಲ್‌ನ ಪಾರ್ಟ್-ಬಿ ಗೆ ಹೊಸ ನಂಬರ್, ಸರಕು ಬದಲಾದ ಊರು ಮತ್ತು ಕಾರಣ ಹಾಕಬೇಕು. ಹೊಸ ಬಿಲ್ ಮಾಡೋದು ಬೇಡ.

ಬರೀ ಟೈಪಿಂಗ್ ತಪ್ಪಾಗಿದ್ರೆ? ಲಾರಿ ಅದೇ, ನಂಬರ್‌ನಲ್ಲಿ ಒಂದೆರಡು ಅಂಕಿ ಮಾತ್ರ ತಪ್ಪು ಅಂದ್ರೆ, 2018ರ ಸುತ್ತೋಲೆ ಪ್ರಕಾರ ಅದು ಸಣ್ಣ ತಪ್ಪು. ಅಂತರರಾಜ್ಯ ಸಾಗಣೆಗೆ ದಂಡ 1,000 ರೂಪಾಯಿ. ಲಾರಿಯೇ ಬೇರೆ ಆಗಿದ್ರೆ ಈ ರಿಯಾಯಿತಿ ಸಿಗಲ್ಲ.

ಎರಡನೇ ತಪ್ಪು: ಲಾರಿ ನಂಬರ್ ಬದಲಾಯಿಸಿದ್ರೆ ಅವಧಿಯೂ ಹೆಚ್ಚಾಗುತ್ತೆ ಅಂದ್ಕೊಳ್ಳೋದು. ಖಂಡಿತ ಇಲ್ಲ. ನಮ್ಮ ಉದಾಹರಣೆಯಲ್ಲಿ ಕೊನೆ ಗಡುವು ಶನಿವಾರ ಮಧ್ಯರಾತ್ರಿಯೇ. ಅವಧಿ ವಿಸ್ತರಣೆ ಬೇರೆ ಕೆಲಸ. ಗಡುವಿಗೆ 8 ಗಂಟೆ ಮೊದಲಿಂದ 8 ಗಂಟೆ ನಂತರದವರೆಗೆ ಮಾತ್ರ ಅವಕಾಶ. ಅಂದ್ರೆ ಶನಿವಾರ ಸಂಜೆ 4ರಿಂದ ಭಾನುವಾರ ಬೆಳಿಗ್ಗೆ 8ರೊಳಗೆ. ಅದನ್ನ ಮಾಡಬೇಕಾದವರು ಆಗ ಸರಕು ಸಾಗಿಸ್ತಿರೋ ಟ್ರಾನ್ಸ್‌ಪೋರ್ಟ್‌ನವರು.

ಹಾಗಾಗಿ ಗಾಡಿ ಕೆಟ್ಟಿದೆ ಅಂತ ಫೋನ್ ಬಂದ ಕೂಡಲೇ ಎರಡು ಪ್ರಶ್ನೆ ಕೇಳಿ: ಪಾರ್ಟ್-ಬಿ ನಲ್ಲಿ ಈಗ ಯಾವ ನಂಬರ್ ಇದೆ? ಅವಧಿ ಯಾವಾಗ ಮುಗಿಯುತ್ತೆ?