ಹಾಸಿಗೆಯಲ್ಲಿ ಆಮ್ಲಜನಕ, ಕೈಯಲ್ಲಿ ಬೀಡಿ

ಹತ್ತಿಯ ಹಾಸಿಗೆ ಮೇಲೆ ಬಿದ್ದ ಬೀಡಿಯ ಕಿಡಿ ಕೂಡಲೇ ಭಗ್ಗನೆ ಉರಿಯುವುದು ಅಪರೂಪ. ಅದು ಒಳಗಿಳಿದು, ಬೂದಿ ಮುಚ್ಚಿದ ಕೆಂಡದಂತೆ ಗಂಟೆಗಟ್ಟಲೆ ಕನಲುತ್ತಿರುತ್ತದೆ. ಹೊರಗೆ ಕಾಣುವುದು ಒಂದು ಕಂದು ಕಲೆ, ಸಣ್ಣ ಹೊಗೆ ಅಷ್ಟೆ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಎಚ್ಚರಗೊಳ್ಳುವ ಮೊದಲೇ ಪ್ರಜ್ಞೆ ತಪ್ಪಬಹುದು. ಒಂದು ಚೊಂಬು ನೀರು ಸುರಿದು ಆರಿತೆಂದು ಬಿಟ್ಟ ಹಾಸಿಗೆ ನಡುರಾತ್ರಿ ಮತ್ತೆ ಹೊತ್ತಿಕೊಳ್ಳುವುದೂ ಕಿಡಿ ಒಳಗೇ ಉಳಿದಿರುವುದರಿಂದ.

ಪಕ್ಕದಲ್ಲಿ ಆಮ್ಲಜನಕದ ಯಂತ್ರ ಓಡುತ್ತಿದ್ದರೆ ಗಂಟೆಗಳ ಈ ಅವಕಾಶ ಕೆಲವೇ ಕ್ಷಣಗಳಿಗೆ ಇಳಿಯುತ್ತದೆ. ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಲ್ಲಿ ಹಲವರಿಗೆ ಕೊನೆಗೆ ಈ ಯಂತ್ರವೇ ಆಸರೆ. ಆದರೆ ಯಂತ್ರ ಮನೆಗೆ ಬಂತೆಂದು ಚಟ ಬಿಟ್ಟುಹೋಗುವುದಿಲ್ಲ.

ಒಬ್ಬ ಹಿರಿಯರಿಗೆ ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಕೊಡಲಾಗುತ್ತಿದೆ ಎಂದುಕೊಳ್ಳಿ. ಒಂದು ಬೀಡಿ ಸೇದೋಣವೆಂದು ಅವರು ಮೂಗಿನ ಕೊಳವೆ ತೆಗೆದು ಹಾಸಿಗೆ ಮೇಲಿಡುತ್ತಾರೆ. ಯಂತ್ರ ಓಡುತ್ತಲೇ ಇದೆ. 10 ನಿಮಿಷದಲ್ಲಿ 20 ಲೀಟರ್ ಆಮ್ಲಜನಕ ಹೊದಿಕೆಯ ಮಡಿಕೆಗಳಿಗೆ ಹರಿಯುತ್ತದೆ. ಅದು ತಾನು ಉರಿಯುವುದಿಲ್ಲ, ಉಳಿದುದನ್ನೆಲ್ಲ ಉರಿಸುತ್ತದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21, ಯಂತ್ರದಿಂದ ಬರುವುದರಲ್ಲಿ ಸುಮಾರು ಶೇ. 90. ಬಟ್ಟೆ, ಗಡ್ಡ, ಕೂದಲು ಎಲ್ಲವೂ ಇದನ್ನು ಹಿಡಿದಿಟ್ಟುಕೊಳ್ಳುತ್ತವೆ. ಗೀಚಿದ ಕಡ್ಡಿಯ ಕಿಡಿ ತಾಗಿದರೆ ಬೆಂಕಿ ಮುಖಕ್ಕೇ ಹಾರುತ್ತದೆ, ಪ್ಲಾಸ್ಟಿಕ್ ಕೊಳವೆಯೂ ಹೊತ್ತಿ ಉರಿ ಯಂತ್ರದತ್ತ ಓಡುತ್ತದೆ.

ಯಂತ್ರ ಆರಿಸಿದ ಕೂಡಲೇ ಅಪಾಯ ತಪ್ಪಿತು ಎನ್ನುವಂತಿಲ್ಲ. ಬಟ್ಟೆಯಲ್ಲಿ ಸೇರಿದ ಆಮ್ಲಜನಕ ಹೋಗಲು ಕನಿಷ್ಠ 20 ನಿಮಿಷ ಬಯಲು ಗಾಳಿ ಬೇಕು. ಬೀಡಿ ಬಿಡಲಾಗದವರು ಯಂತ್ರ ನಿಲ್ಲಿಸಿ, ಕೊಳವೆಯನ್ನು ಒಳಗೇ ಬಿಟ್ಟು, ಅಷ್ಟು ಹೊತ್ತು ಹೊರಗೆ ಕೂತ ಮೇಲೆಯೇ ಕಡ್ಡಿ ಗೀಚಬೇಕು. ಹಾಗೆ ಆಮ್ಲಜನಕ ಬಿಟ್ಟಿರಬಹುದೇ ಎಂದು ಮೊದಲು ವೈದ್ಯರನ್ನು ಕೇಳಲೇಬೇಕು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆಗಳೂ ಯಂತ್ರದಿಂದ 3 ಮೀಟರ್‌ನಾಚೆ ಇರಲಿ. ಒಣಗಿದ ಮೂಗಿಗೆ ವ್ಯಾಸಲೀನ್, ಎಣ್ಣೆ ಬೇಡ. ಕೊಳವೆಯಲ್ಲಿ ಉರಿ ಮುಂದೆ ಸಾಗಿದರೆ ಆಮ್ಲಜನಕವನ್ನು ತಡೆಯುವ ಪುಟ್ಟ ಸಾಧನ ಸಿಗುತ್ತದೆ. ಯಂತ್ರ ಕೊಟ್ಟವರಲ್ಲಿ ಕೇಳಿ ಹಾಕಿಸಿ. ಅದು ಮುಖದ ಸುಟ್ಟಗಾಯ ತಪ್ಪಿಸದು, ಮನೆಗೆ ಬೆಂಕಿ ಹರಡದಂತೆ ತಡೆಯಬಹುದು.

ಹೊತ್ತಿಕೊಂಡರೆ ಮೊದಲು ಕೊಳವೆ ಕಿತ್ತೆಸೆಯಿರಿ. ಕೈಗೆಟುಕಿದರೆ ಸ್ವಿಚ್ ಅಥವಾ ಸಿಲಿಂಡರಿನ ವಾಲ್ವ್ ಮುಚ್ಚಿ. ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಸಾಮಾನು ತರಲು ಮರಳಿ ಒಳಗೆ ಹೋಗಬೇಡಿ.