ಹಾಡು ಹೋಗುತ್ತದೆ, ಹಾಡಿದವರು ಹೋಗುವುದಿಲ್ಲ

"ಹಿಂದಿರೋ ಮ್ಯೂಸಿಕ್ ತೆಗೆದುಬಿಡಿ ಸರ್, ಅಜ್ಜನ ಮಾತು ಮಾತ್ರ ಇರಲಿ." ವಿಡಿಯೋ ಎಡಿಟಿಂಗ್ ಮಾಡುವವರಿಗೆ ಈ ಕೋರಿಕೆ ಹೊಸದಲ್ಲ. ಮದುವೆಯದೋ ಷಷ್ಟ್ಯಬ್ದಿಯದೋ ವಿಡಿಯೋ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿರುತ್ತದೆ. ಅದರಲ್ಲಿ ನಾಲ್ಕು ಮಾತಾಡಿದ ಹಿರಿಯರು ಇಲ್ಲವಾದ ಮೇಲೆ ಆ ನಾಲ್ಕು ಮಾತಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ಒಂದು ಬಟನ್ ಒತ್ತಿದರೆ ಸಂಗೀತ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆಂದು ಈಗ ಬಹಳ ಜನ ನಂಬಿದ್ದಾರೆ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದು ಎಲ್ಲಿ ಕೈಕೊಡುತ್ತದೆ ಎಂದು ತಿಳಿಯದೆ ಹೋದವರು ನಿರಾಶರಾಗುವುದು ಖಂಡಿತ.

ಮೊದಲ ಗೊಂದಲ 'ವೋಕಲ್ಸ್' ಎಂದರೆ ಏನು ಎಂಬಲ್ಲೇ ಇದೆ. 2019ರಲ್ಲಿ ಡೀಜರ್ ಕಂಪನಿ ಬಿಟ್ಟ ಸ್ಪ್ಲೀಟರ್ ಇರಲಿ, ಫೇಸ್‌ಬುಕ್‌ನ ಸಂಶೋಧಕರು ಕಟ್ಟಿದ ಡೆಮಕ್ಸ್ ಇರಲಿ, ಇವು ಕಲಿತದ್ದು ಹಾಡುಗಳಿಂದ. ಗಾಯನ, ಡ್ರಮ್ಸ್, ಬೇಸ್, ಉಳಿದ ವಾದ್ಯಗಳು ಹೀಗೆ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಸಿಗುವ ಹಾಡುಗಳನ್ನು ಕೊಟ್ಟು, ಬೆರೆತ ದನಿಯಿಂದ ಒಂದೊಂದನ್ನೇ ಎತ್ತಿಕೊಡುವಂತೆ ಇವನ್ನು ತಯಾರು ಮಾಡಲಾಗಿದೆ. ಹಾಗಾಗಿ ಇವಕ್ಕೆ ಗೊತ್ತಿರುವುದು ಮನುಷ್ಯರ ಗಂಟಲು ಮತ್ತು ವಾದ್ಯ, ಈ ಎರಡರ ವ್ಯತ್ಯಾಸ. ಮಾತು ಬೇರೆ, ಹಾಡು ಬೇರೆ ಎಂಬುದು ಇವುಗಳ ಪಾಠದಲ್ಲಿ ಇರಲೇ ಇಲ್ಲ.

ಅಜ್ಜನ ಮಾತಿನ ಹಿಂದೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡುತ್ತಿದ್ದರೆ ಆಗುವುದೇನು? ತಬಲಾ ಹೋಗುತ್ತದೆ, ಕೀಬೋರ್ಡ್ ಹೋಗುತ್ತದೆ, ಎಸ್‌ಪಿಬಿ ಉಳಿಯುತ್ತಾರೆ. ವಾದ್ಯಗಳ ಮರೆ ಸರಿದದ್ದರಿಂದ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳಿಸುತ್ತಾರೆ! ಮಾತು, ಸಂಗೀತ, ಇತರ ಸದ್ದು ಎಂದು ವಿಂಗಡಿಸಲು ಕಲಿತ ಮಾದರಿಗಳೂ ಬಂದಿವೆ. ಅವು ಹಾಡುಗಾರರ ದನಿಯನ್ನು ಸಂಗೀತದ ಪಾಲಿಗೆ ಹಾಕಲು ನೋಡುತ್ತವೆ. ಆದರೂ ಇಬ್ಬರ ದನಿ ಒಂದರ ಮೇಲೊಂದು ಬಿದ್ದ ಕಡೆ ಮಾತಿನ ಅಕ್ಷರಗಳು ನುಂಗಿಹೋಗುವುದುಂಟು.

"ಬೀಟಲ್ಸ್‌ನವರಿಗೆ ಆಗಿದ್ದು ನಮಗೆ ಯಾಕಾಗಲ್ಲ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ದನಿಯನ್ನು ಪಿಯಾನೊದಿಂದ ಬೇರ್ಪಡಿಸಿ, 2023ರಲ್ಲಿ 'ನೌ ಅಂಡ್ ದೆನ್' ಹೊರತಂದದ್ದು ನಿಜ. ಆದರೆ ಆ ಕ್ಯಾಸೆಟ್ಟಿನಲ್ಲಿದ್ದದ್ದು ಒಬ್ಬರ ಕಂಠ, ಒಂದು ಪಿಯಾನೊ, ಹಿಂದೆ ಒಂದಿಷ್ಟು ಗುಂಯ್‌ಗುಡುವಿಕೆ. ನಮ್ಮ ಛತ್ರದಲ್ಲಿ ಓಲಗ, ಪುರೋಹಿತರ ಮಂತ್ರ, ಊಟಕ್ಕೆ ಕರೆಯುವವರು, ಅಳುವ ಮಗು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಎಲ್ಲವೂ ಒಂದೇ ಮೈಕಿಗೆ ನುಗ್ಗಿರುತ್ತವೆ.

ಆದ್ದರಿಂದ ತಂತ್ರಾಂಶ ತೆರೆಯುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸಂಗೀತ ಸೇರಿದ್ದು ಎಲ್ಲಿ, ಛತ್ರದಲ್ಲೋ ಎಡಿಟಿಂಗ್ ಟೇಬಲ್ಲಿನಲ್ಲೋ? ವಿಡಿಯೋದವರು ಹಾಡನ್ನು ಆಮೇಲೆ ಹಾಕಿದ್ದರೆ ಅದರ ಅಡಿಯಲ್ಲಿ ಮಾತು ಅಡಗಿ ಕೂತಿದೆ ಎಂದೇ ಮನೆಯವರು ಭಾವಿಸುತ್ತಾರೆ. ಎಷ್ಟೋ ಸಲ ಹಾಡು ಹಾಕುವಾಗ ಮೂಲ ದನಿಯನ್ನು ಪೂರಾ ಸೊನ್ನೆಗೆ ಇಳಿಸಿರುತ್ತಾರೆ. ಅಜ್ಜನ ತುಟಿ ಅಲುಗಾಡುತ್ತದೆ, ದನಿ ಆ ಫೈಲಿನಲ್ಲಿ ಇಲ್ಲವೇ ಇಲ್ಲ. ಯಾವ ಸಾಧನವೂ ಅದನ್ನು ಹೊರತೆಗೆಯಲಾರದು. ಇಂಥಲ್ಲಿ ಮಾಡಬೇಕಾದ್ದು ಒಂದೇ: ವಿಡಿಯೋದವರಿಗೆ ಫೋನ್ ಮಾಡಿ, ಎಡಿಟ್ ಆಗದ ಮೂಲ ಫೈಲು ಹಾರ್ಡ್‌ಡಿಸ್ಕಿನಲ್ಲಿ ಉಳಿದಿದೆಯೇ ಎಂದು ಕೇಳುವುದು. ಸಿಕ್ಕರೆ ಬೇರ್ಪಡಿಸುವ ಕೆಲಸವೇ ಉಳಿಯುವುದಿಲ್ಲ.

ಛತ್ರದಲ್ಲೇ ಸೇರಿದ್ದರೆ ದಾರಿ ಬೇರೆ. ಒಂದು ಷಷ್ಟ್ಯಬ್ದಿಯಲ್ಲಿ ಮೊಮ್ಮಗಳು ಮೂರನೇ ಸಾಲಿನಿಂದ ಫೋನಿನಲ್ಲಿ ತೆಗೆದ 12 ನಿಮಿಷದ ವಿಡಿಯೋ ಇದೆ ಎಂದಿಟ್ಟುಕೊಳ್ಳಿ. ಅಜ್ಜ ಮೈಕಿನಲ್ಲಿ ಮಾತಾಡುತ್ತಿದ್ದಾರೆ, ಪಕ್ಕದಲ್ಲಿ ನಾಗಸ್ವರ, ಡೋಲು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಮತ್ತು ಡೆಮಕ್ಸ್ ಕಂಪ್ಯೂಟರಿನಲ್ಲಿದ್ದರೆ ಕೆಲಸ ಮೂರು ಸಾಲಿನದು. ಮೊದಲು ವಿಡಿಯೋದಿಂದ ಆಡಿಯೋ ತೆಗೆಯುವುದು, ಆಮೇಲೆ ಅದನ್ನು ದನಿ ಮತ್ತು ಉಳಿದದ್ದು ಎಂದು ಎರಡಾಗಿಸುವುದು, ಕೊನೆಗೆ ದನಿಯನ್ನು ಚಿತ್ರಕ್ಕೆ ಮತ್ತೆ ಜೋಡಿಸುವುದು.

```
ffmpeg -i ajja.mp4 -vn -ac 2 -ar 44100 ajja.wav
demucs --two-stems=vocals ajja.wav
ffmpeg -i ajja.mp4 -i separated/htdemucs/ajja/vocals.wav -map 0:v -map 1:a -c:v copy -c:a aac ajja_maatu.mp4
```

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ನಡುವಿನ ಹೆಜ್ಜೆಗೆ ಹೆಚ್ಚುಕಡಿಮೆ ವಿಡಿಯೋದ ಒಂದೂವರೆ ಪಟ್ಟು ಸಮಯ, ಅಂದರೆ ಇಲ್ಲಿ 18 ನಿಮಿಷ ಹಿಡಿಯಬಹುದು. ಹಳೆಯ ಯಂತ್ರವಾದರೆ ಇನ್ನೂ ಹೆಚ್ಚು. ಕಮಾಂಡ್ ಬೇಡ ಎನ್ನುವವರಿಗೆ ಇದೇ ಮಾದರಿಗಳನ್ನು ಬಟನ್‌ಗಳ ರೂಪದಲ್ಲಿ ಕೊಡುವ ಅಲ್ಟಿಮೇಟ್ ವೋಕಲ್ ರಿಮೂವರ್ ಇದೆ. ಅದೂ ಉಚಿತ.

ಈಗ ಸಿಕ್ಕ ಎರಡು ಫೈಲುಗಳಲ್ಲಿ ಎಲ್ಲರೂ ಮೊದಲು ಕೇಳುವುದು vocals.wav. ಅದಕ್ಕಿಂತ ಹೆಚ್ಚು ಸತ್ಯ ಹೇಳುವುದು no_vocals.wav. ಬರೀ ವಾದ್ಯ ಇರಬೇಕಾದ ಅದರಲ್ಲಿ ಅಜ್ಜನ ಮಾತಿನ ಚೂರುಗಳು, ಮುಖ್ಯವಾಗಿ ಸ, ಶ, ಚ ಅಕ್ಷರಗಳ ಸೀಟಿಯಂಥ ಸದ್ದು ಕೇಳಿಸಿದರೆ, ಮಾತಿನ ಒಂದು ಪಾಲು ತಪ್ಪು ಬುಟ್ಟಿಗೆ ಬಿದ್ದಿದೆ ಎಂದರ್ಥ. ಇತ್ತ ಮಾತಿನ ಫೈಲಿನಲ್ಲಿ ಡೋಲು ಬಹುಮಟ್ಟಿಗೆ ಮಾಯವಾಗಿರುತ್ತದೆ, ನಾಗಸ್ವರ ಮಾತ್ರ ಅಲ್ಲಲ್ಲಿ ಎಳೆಯಾಗಿ ಉಳಿದಿರುತ್ತದೆ. ಉಸಿರಿನಿಂದ ನುಡಿಯುವ, ಗಮಕದಲ್ಲಿ ಜಾರಿ ಏರುವ ವಾದ್ಯವದು. ಕಂಠಕ್ಕೆ ಬಹಳ ಹತ್ತಿರ. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ MUSDB18 ಎಂಬ ಸಂಗ್ರಹದಲ್ಲಿರುವ 150 ಹಾಡುಗಳು ಬಹುಪಾಲು ಪಾಶ್ಚಾತ್ಯ ಪಾಪ್, ರಾಕ್. ಓಲಗವನ್ನು ಕೇಳದೇ ಬೆಳೆದ ಮಾದರಿ ಗಟ್ಟಿಮೇಳದ ನಡುವೆ ತಡವರಿಸಿದರೆ ಅಚ್ಚರಿಯೇನಿಲ್ಲ.

ಈಕ್ವಲೈಸರ್‌ನಲ್ಲಿ ಸಂಗೀತದ ಭಾಗ ಕತ್ತರಿಸಿದರೆ ಸಾಕು ಎನ್ನುವುದು ಹಳೆಯ ನಂಬಿಕೆ. ಮಾತು ಮತ್ತು ನಾಗಸ್ವರ ಒಂದೇ ತರಂಗಾಂತರಗಳಲ್ಲಿ ಕೂತಿರುವಾಗ ಕತ್ತರಿ ಎರಡಕ್ಕೂ ಬೀಳುತ್ತದೆ. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಕೂಡ ಫ್ಯಾನು, ಜನರೇಟರಿನಂಥ ಒಂದೇ ಸಮನೆಯ ಸದ್ದಿಗೆ ಸೈ, ಕ್ಷಣಕ್ಷಣವೂ ಬದಲಾಗುವ ಸಂಗೀತಕ್ಕಲ್ಲ. ಕ್ಯಾರಿಯೋಕೆಯವರು ಎಡ-ಬಲ ಚಾನೆಲ್‌ಗಳನ್ನು ಒಂದರಿಂದೊಂದು ಕಳೆಯುವ ಉಪಾಯವಂತೂ ಉಲ್ಟಾ: ಅದು ನಡುವಿನಲ್ಲಿರುವ ದನಿಯನ್ನೇ ಅಳಿಸುತ್ತದೆ.

ಮಾಂಗಲ್ಯಧಾರಣೆಯ ಹೊತ್ತಿಗೆ ವಾದ್ಯದವರು ಒಮ್ಮೆಲೇ ಜೋರು ಮಾಡಿದಾಗ ಫೋನಿನ ಮೈಕು ತಾಳಲಾರದೆ ದನಿ ಒಡೆದಿರುತ್ತದೆ. ಅಲ್ಲಿನ ಅಲೆಗಳ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿರುವುದು ಆಡಾಸಿಟಿಯಲ್ಲಿ ಕಣ್ಣಿಗೇ ಕಾಣುತ್ತದೆ. ಆ ಸೆಕೆಂಡುಗಳಲ್ಲಿ ಆಡಿದ ಮಾತು ಸರಿಯಾಗಿ ಬರುವ ಆಸೆ ಇಟ್ಟುಕೊಳ್ಳಬಾರದು. ಉಳಿದೆಡೆ ಬೇರ್ಪಟ್ಟ ಮಾತು ನೀರೊಳಗಿಂದ ಬಂದಂತೆ ಕೇಳಿಸಿದರೆ, ತೆಗೆದ ಸಂಗೀತವನ್ನೇ 20 ಡೆಸಿಬಲ್ ತಗ್ಗಿಸಿ ಮತ್ತೆ ಬೆರೆಸುವುದು ಅನುಭವಸ್ಥರ ರೂಢಿ. ಓಲಗ ದೂರದಲ್ಲಿ ಸಣ್ಣಗೆ ಉಳಿಯುತ್ತದೆ, ಮಾತಿನ ಗಾಯಗಳು ಮುಚ್ಚಿಹೋಗುತ್ತವೆ. ಮಾತು ಮಾತ್ರ ಬೇಕೆಂದು ಹಟ ಹಿಡಿದವರೂ ಎರಡನ್ನೂ ಕೇಳಿದ ಮೇಲೆ ಇದನ್ನೇ ಆರಿಸಿಕೊಂಡರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಕುಟುಂಬದ ಗ್ರೂಪಿನಲ್ಲಿ ವಿಚಾರಿಸುವುದು ಒಳ್ಳೆಯದು. ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆಯ ಫೋನಿನಲ್ಲಿ ಅದೇ ಭಾಷಣ ಇನ್ನೂ ಹತ್ತಿರದಿಂದ ರೆಕಾರ್ಡ್ ಆಗಿರಬಹುದು. ಆದರೆ ಅದನ್ನು ವಾಟ್ಸಾಪಿನಲ್ಲಿ ವಿಡಿಯೋ ಆಗಿ ತರಿಸಿಕೊಂಡರೆ ದನಿಯೂ ಹಿಂಡಿ ಸಣ್ಣದಾಗಿ ಬರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಬೇಕು, ಇಲ್ಲವೇ ಪೆನ್‌ಡ್ರೈವ್ ಹಿಡಿದು ಅವರ ಮನೆಗೇ ಹೋಗಬೇಕು.